ಚೆಕ್ ಬೌನ್ಸ್ ವಿಡಿಯೋದ ಕೆಳಗೆ ಏನು ಬರೆಯಬೇಕು, ಏನು ಬರೆಯಬಾರದು?

ಪ್ರಶ್ನೆ: ನಾನು ವಕೀಲೆ. ಚೆಕ್ ಬೌನ್ಸ್ ಆದರೆ ಏನು ಮಾಡಬೇಕು ಎಂದು ಜನರಿಗೆ ತಿಳಿಸಲು ಒಂದು ಚಿಕ್ಕ ವಿಡಿಯೋ ಮಾಡಿದ್ದೇನೆ. ಅದರ ಡಿಸ್ಕ್ರಿಪ್ಶನ್‌ನಲ್ಲಿ ಏನು ಬರೆಯಲಿ? ಡಿಸ್ಕ್ಲೇಮರ್ ಹೇಗಿರಬೇಕು? ಎಡಿಟಿಂಗ್ ಮಾಡಿಕೊಟ್ಟ ಹುಡುಗ 'ನಿಮ್ಮ ಹಣ ವಾಪಸ್ ಬರೋದು ಗ್ಯಾರಂಟಿ ಅಂತ ಹಾಕಿ ಮೇಡಂ, ಜನ ನೋಡ್ತಾರೆ' ಅಂತಾನೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ.

ಉತ್ತರ: ಗ್ಯಾರಂಟಿ ಸಾಲು ಖಂಡಿತ ಬೇಡ. ನಿಮ್ಮ ಸನ್ನದಿಗೆ ತೊಂದರೆ ಎನ್ನುವುದು ಒಂದು ಕಾರಣ. ಅದಕ್ಕಿಂತ ಮೊದಲು, ಆ ಮಾತೇ ಸುಳ್ಳು.

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಹಣ ವಸೂಲಿಗೆ ಮಾಡಿದ್ದಲ್ಲ. ಅದು ಅಪರಾಧಕ್ಕೆ ಶಿಕ್ಷೆ ಹೇಳುವ ಸೆಕ್ಷನ್. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. 'ವರೆಗೆ' ಅನ್ನುವುದನ್ನು ಬಿಟ್ಟರೆ ಅರ್ಥವೇ ಬದಲಾಗುತ್ತದೆ. ದಂಡದ ಹಣದಲ್ಲಿ ದೂರುದಾರರಿಗೆ ಪರಿಹಾರ ಕೊಡಿ ಎಂದು ಕೋರ್ಟ್ ಹೇಳಬಹುದು, ಎಷ್ಟೋ ಕೇಸುಗಳಲ್ಲಿ ಹೇಳುತ್ತದೆ ಕೂಡ. ಆದರೆ ಆರೋಪಿ ಖುಲಾಸೆ ಆಗಬಹುದು. ಶಿಕ್ಷೆಯಾದರೂ ಮೇಲ್ಮನವಿಗೆ ಹೋಗಬಹುದು. ಕೈಯಲ್ಲಿ ಕಾಸೇ ಇಲ್ಲದವರಾಗಿರಬಹುದು. ಇಷ್ಟೆಲ್ಲ ಇರುವಾಗ ಗ್ಯಾರಂಟಿ ಎಲ್ಲಿಂದ ಬಂತು?

ಇನ್ನು ಸನ್ನದಿನ ವಿಷಯ. ವಕೀಲರು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೇಸು ಕೇಳಬಾರದು, ಜಾಹೀರಾತು ಕೊಡಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ 36 ಹೇಳುತ್ತದೆ. 2008ರಲ್ಲಿ ಸ್ವಲ್ಪ ಸಡಿಲ ಮಾಡಿದರು. ವಕೀಲರು ತಮ್ಮ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಫೋನ್, ಎನ್‌ರೋಲ್‌ಮೆಂಟ್ ಸಂಖ್ಯೆ, ವಿದ್ಯಾರ್ಹತೆ, ಯಾವ ಕ್ಷೇತ್ರದಲ್ಲಿ ಪ್ರಾಕ್ಟೀಸ್ ಎಂಬಂಥ ವಿವರ ಕೊಡಬಹುದು. ಅಷ್ಟೇ. ಆನ್‌ಲೈನ್‌ನಲ್ಲಿ ಹೀಗೆ ಕೇಸು ಹುಡುಕುವ ವಕೀಲರ ಮೇಲೆ ಕ್ರಮ ಕೈಗೊಳ್ಳಿ ಎಂದು ಮದ್ರಾಸ್ ಹೈಕೋರ್ಟ್ 2024ರಲ್ಲಿ ಪರಿಷತ್ತಿಗೆ ಸೂಚಿಸಿದ ಮೇಲೆ ಈ ವಿಷಯವನ್ನು ಯಾರೂ ಹಗುರವಾಗಿ ತಗೊಳ್ಳುತ್ತಿಲ್ಲ. ಅರಿವಿನ ವಿಡಿಯೋ ಮಾಡುವುದೇ ತಪ್ಪು ಎಂದು ಇದರ ಅರ್ಥವಲ್ಲ. 'ಇಂಥ ಕೇಸಿದ್ದರೆ ನನ್ನ ಹತ್ತಿರ ಬನ್ನಿ, ಗೆಲ್ಲಿಸಿಕೊಡುತ್ತೇನೆ' ಎಂದು ಓದಿಕೊಳ್ಳುವ ಹಾಗೆ ಯಾವ ಸಾಲೂ ಇರಬಾರದು.

ಈಗ ಡಿಸ್ಕ್ರಿಪ್ಶನ್‌ಗೆ ಬರೋಣ. ಇದನ್ನು ಯಾರು ಓದುತ್ತಾರೆ ಎಂದು ಮೊದಲು ಯೋಚಿಸಿ. ಬ್ಯಾಂಕಿನಿಂದ ರಿಟರ್ನ್ ಮೆಮೊ ಬಂದು, ಏನು ಮಾಡಬೇಕೆಂದು ಗೊತ್ತಾಗದೆ ರಾತ್ರಿ ಫೋನ್ ಹಿಡಿದು ಕೂತವರು. ಪೂರ್ತಿ ವಿಡಿಯೋ ನೋಡುವಷ್ಟು ತಾಳ್ಮೆ ಅವರಿಗೆ ಇರಲಿಕ್ಕಿಲ್ಲ. ಫೋನಿನಲ್ಲಿ ಡಿಸ್ಕ್ರಿಪ್ಶನ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಹಾಗಾಗಿ ಅವರಿಗೆ ನಷ್ಟ ಆಗುವಂಥ ವಿಷಯ, ಅಂದರೆ ಗಡುವು, ಮೊದಲ ಸಾಲಿನಲ್ಲೇ ಇರಬೇಕು. 'ಇದು ಸಲಹೆ ಅಲ್ಲ, ಮಾಹಿತಿ' ಎಂಬುದೂ ಅಲ್ಲೇ ಪಕ್ಕದಲ್ಲಿ ಇರಬೇಕು. ಡಿಸ್ಕ್ಲೇಮರ್ ಅನ್ನು ಹ್ಯಾಶ್‌ಟ್ಯಾಗ್‌ಗಳ ಕೆಳಗೆ, ಎಲ್ಲಕ್ಕಿಂತ ಕೊನೆಗೆ ಹಾಕುವ ಅಭ್ಯಾಸ ಜಾಸ್ತಿ ಆಗಿದೆ. ಅಲ್ಲಿದ್ದರೆ ಯಾರೂ ಓದುವುದಿಲ್ಲ. ಓದಲಿ ಎಂಬ ಆಸೆ ಬರೆದವರಿಗೂ ಇದ್ದಂತೆ ಕಾಣುವುದಿಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಚೆಕ್ ಬೌನ್ಸ್ ಆಗಿದೆ ಎಂದು ಬ್ಯಾಂಕಿನಿಂದ ತಿಳಿದ ಮೇಲೆ ನೋಟಿಸ್ ಕೊಡಲು ಇರುವುದು 30 ದಿನ. ಇದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಮಾಹಿತಿ, ನಿಮ್ಮ ಕೇಸಿಗೆ ಕೊಟ್ಟ ಸಲಹೆ ಅಲ್ಲ.

ಚೆಕ್ ಕೊಟ್ಟವರ ಖಾತೆಯಲ್ಲಿ ಹಣ ಸಾಲದೆ ಚೆಕ್ ವಾಪಸ್ ಬಂದರೆ 138ನೇ ಸೆಕ್ಷನ್ ಕೆಳಗೆ ಏನು ಮಾಡಬಹುದು ಎಂದು ಈ ವಿಡಿಯೋದಲ್ಲಿ ಹೇಳಿದ್ದೇನೆ. ಚೆಕ್ಕನ್ನು ಅದರ ಅವಧಿಯೊಳಗೆ ಬ್ಯಾಂಕಿಗೆ ಹಾಕಿರಬೇಕು. ಚೆಕ್ ವಾಪಸ್ ಬಂದ ಸುದ್ದಿ ತಿಳಿದ 30 ದಿನದೊಳಗೆ, ಚೆಕ್ ಮೊತ್ತ ಕೊಡಿ ಎಂದು ಬರಹದಲ್ಲಿ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ಹಣ ಕೊಡಲು ಅವರಿಗೆ 15 ದಿನ ಇದೆ. ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಸಲ್ಲಿಸಬೇಕು.

ದೂರು ಸಲ್ಲಿಸಿದ ಮಾತ್ರಕ್ಕೆ ಹಣ ಬರುತ್ತದೆ ಎಂದಾಗಲಿ, ಶಿಕ್ಷೆ ಆಗುತ್ತದೆ ಎಂದಾಗಲಿ ಹೇಳಲು ಬರುವುದಿಲ್ಲ. ಚೆಕ್ ಯಾಕೆ ಕೊಟ್ಟಿದ್ದರು, ನಿಮ್ಮ ಹತ್ತಿರ ಏನು ದಾಖಲೆ ಇದೆ, ಎದುರಿನವರು ಏನು ಸಾಬೀತು ಮಾಡುತ್ತಾರೆ ಎಂಬುದನ್ನೆಲ್ಲ ನೋಡಿ ಕೋರ್ಟ್ ತೀರ್ಮಾನಿಸುತ್ತದೆ.

ಈ ವಿಡಿಯೋ ನೋಡಿದ್ದರಿಂದ ಅಥವಾ ಇಲ್ಲಿ ಕಾಮೆಂಟ್ ಮಾಡಿದ್ದರಿಂದ ನೀವು ನನ್ನ ಕಕ್ಷಿದಾರರು ಆಗುವುದಿಲ್ಲ. ಕಾಮೆಂಟ್ ಎಲ್ಲರಿಗೂ ಕಾಣುತ್ತದೆ. ಹೆಸರು, ಚೆಕ್ ನಂಬರ್, ಕೇಸಿನ ವಿವರ ಬರೆಯಬೇಡಿ. ಗಡುವು ಹತ್ತಿರ ಇದ್ದರೆ ಉತ್ತರಕ್ಕೆ ಕಾಯದೆ, ನಿಮ್ಮ ಕಾಗದಪತ್ರ ನೋಡಿ ಹೇಳಬಲ್ಲ ವಕೀಲರನ್ನು ತಕ್ಷಣ ಭೇಟಿ ಮಾಡಿ. ಉಚಿತ ಕಾನೂನು ನೆರವಿಗೆ ನಿಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಸಹಾಯವಾಣಿ 15100.

ಈ ಮಾಹಿತಿ ವಿಡಿಯೋ ಹಾಕಿದ ದಿನ ಇದ್ದ ಕಾನೂನಿನಂತೆ ಇದೆ. ಕೊನೆಯ ಬಾರಿ ಸರಿ ನೋಡಿದ ದಿನಾಂಕ: (ಇಲ್ಲಿ ದಿನಾಂಕ ಹಾಕಿ)."

ಇಷ್ಟು ಸಾಕು. ಇದರಲ್ಲಿ ಕೆಲವು ಕಡೆ ಖಡಾಖಂಡಿತವಾಗಿ ಹೇಳಿದ್ದೇನೆ, ಕೆಲವು ಕಡೆ ಹೇಳಿಲ್ಲ. ಬೇಕೆಂದೇ ಹಾಗೆ ಮಾಡಿದ್ದು.

ಕಾನೂನೇ ಗೆರೆ ಎಳೆದು ಹೇಳಿದ್ದನ್ನು ನೀವೂ ಗಟ್ಟಿಯಾಗಿ ಹೇಳಬೇಕು. 30 ದಿನ ಅಂದರೆ 30 ದಿನ. ಭಯಪಟ್ಟು ಅಲ್ಲೂ 'ಸಾಮಾನ್ಯವಾಗಿ 30 ದಿನದೊಳಗೆ ಕೊಡಬಹುದು' ಎಂದು ಬರೆದರೆ, ನೋಡಿದವರು ನಿಧಾನ ಮಾಡಿದರೂ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಅವರ ಕೇಸು ಅಲ್ಲೇ ಮುಗಿದುಹೋಗುತ್ತದೆ. ಡಿಸ್ಕ್ಲೇಮರ್ ಹಾಕುವ ಉತ್ಸಾಹದಲ್ಲಿ ಎಲ್ಲ ಕ್ರಿಯಾಪದಕ್ಕೂ 'ಬಹುದು' ಅಂಟಿಸುವುದು ಗ್ಯಾರಂಟಿ ಕೊಟ್ಟಷ್ಟೇ ಅಪಾಯ.

ಕೋರ್ಟಿನ ವಿವೇಚನೆಗೆ ಬಿಟ್ಟಿದ್ದು ಬೇರೆ. ಉದಾಹರಣೆಗೆ 143ಎ ಸೆಕ್ಷನ್. 2018ರಲ್ಲಿ ಬಂದ ಈ ತಿದ್ದುಪಡಿಯಂತೆ, ಕೇಸು ನಡೆಯುತ್ತಿರುವಾಗಲೇ ಚೆಕ್ ಮೊತ್ತದ 20%ವರೆಗೆ ಮಧ್ಯಂತರ ಪರಿಹಾರ ಕೊಡಲು ಕೋರ್ಟ್ ಆದೇಶಿಸಬಹುದು. ಇದನ್ನು ಎಷ್ಟೋ ವಿಡಿಯೋಗಳಲ್ಲಿ 'ಕೇಸ್ ಹಾಕಿದ ಕೂಡಲೇ 20% ಕೈಗೆ' ಎಂದು ಬರೆದಿರುತ್ತಾರೆ. ಹಾಗಿಲ್ಲ. ಕೊಡಲೇಬೇಕೆಂಬ ಕಡ್ಡಾಯ ಕೋರ್ಟಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸೆಕ್ಷನ್ ಪ್ರಕಾರ ಆ ಆದೇಶ ಕೂಡ ಶುರುವಿನಲ್ಲೇ ಬರುವುದಿಲ್ಲ. ಸಮರಿ ಅಥವಾ ಸಮನ್ಸ್ ಕೇಸಿನಲ್ಲಿ ಆರೋಪಿ 'ನಾನು ತಪ್ಪು ಮಾಡಿಲ್ಲ' ಎಂದ ಮೇಲೆ ಬರುತ್ತದೆ. ಆಮೇಲೆ ಆರೋಪಿ ಖುಲಾಸೆ ಆದರೆ ದೂರುದಾರರು ಆ ಹಣವನ್ನು ಬಡ್ಡಿ ಸಮೇತ ವಾಪಸ್ ಕೊಡಬೇಕು. ಇದನ್ನು ಒಂದೇ ಸಾಲಿನಲ್ಲಿ ಹೇಳಲು ಆಗದಿದ್ದರೆ ಡಿಸ್ಕ್ರಿಪ್ಶನ್‌ನಲ್ಲಿ ಎತ್ತದೇ ಇರುವುದು ಮೇಲು. ನಾನು ಮೇಲಿನ ಮಾದರಿಯಲ್ಲಿ ಬಿಟ್ಟಿದ್ದು ಅದಕ್ಕೇ.

ಇನ್ನು ಸಾಕ್ಷ್ಯದ ಮೇಲೆ ನಿಂತಿರುವುದು. 139ನೇ ಸೆಕ್ಷನ್ ಪ್ರಕಾರ, ಚೆಕ್ ಕೊಟ್ಟಿದ್ದು ಸಾಲ ಅಥವಾ ಬಾಕಿ ತೀರಿಸಲಿಕ್ಕೇ ಎಂದು ಕೋರ್ಟ್ ಮೊದಲು ಭಾವಿಸುತ್ತದೆ. ಇದನ್ನು ಕೇಳಿದ ಕೂಡಲೇ 'ಚೆಕ್ ಇದ್ದರೆ ಗೆದ್ದಂತೆಯೇ' ಎಂದು ಬರೆಯುವ ಆಸೆ ಬರುತ್ತದೆ. ಆದರೆ ಆ ಭಾವನೆಯನ್ನು ಎದುರಿನವರು ಕೆಡವಬಹುದು. ಸಾಲ ಆಗಲೇ ತೀರಿಸಿದ್ದೆ ಎಂದು ರಸೀದಿ ತರಬಹುದು. ಖಾಲಿ ಚೆಕ್ಕನ್ನು ಭದ್ರತೆಗೆ ಕೊಟ್ಟಿದ್ದೆ, ಬಾಕಿಯೇ ಇರಲಿಲ್ಲ ಎಂದು ತೋರಿಸಬಹುದು. ಅಷ್ಟು ದೊಡ್ಡ ಮೊತ್ತ ಸಾಲ ಕೊಡುವ ಶಕ್ತಿಯೇ ದೂರುದಾರರಿಗೆ ಇರಲಿಲ್ಲ ಎಂಬ ವಾದವಂತೂ ಕೋರ್ಟುಗಳಲ್ಲಿ ಮಾಮೂಲು. ಆದ್ದರಿಂದ 'ನಿಮ್ಮ ಹತ್ತಿರ ಏನು ದಾಖಲೆ ಇದೆ' ಎಂಬ ಸಾಲು ಸುಮ್ನೆ ಹಾಕಿದ್ದಲ್ಲ. ಅದನ್ನು ಓದಿದವರು ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಪತ್ರ, ಮೆಸೇಜ್ ಇವನ್ನೆಲ್ಲ ತೆಗೆದಿಟ್ಟುಕೊಂಡು ವಕೀಲರ ಹತ್ತಿರ ಹೋಗುತ್ತಾರೆ.

ಗಡುವಿನ ಲೆಕ್ಕವನ್ನು ವಿಡಿಯೋದಲ್ಲಿ ದಿನಾಂಕ ಹಾಕಿ ತೋರಿಸಿದರೆ ಒಳ್ಳೆಯದು, ಯಾಕೆಂದರೆ ಜನ ಎಡವುವುದೇ ಅಲ್ಲಿ. ಮೆಮೊ ಮಾರ್ಚ್ 3ಕ್ಕೆ ಕೈಗೆ ಬಂತು ಅನ್ನಿ. ಆ ದಿನ ಬಿಟ್ಟು ಎಣಿಸಿದರೆ 30ನೇ ದಿನ ಏಪ್ರಿಲ್ 2. ನೋಟಿಸ್ ಮಾರ್ಚ್ 20ಕ್ಕೆ ಕಳಿಸಿದರು, ಎದುರಿನವರಿಗೆ ಮಾರ್ಚ್ 24ಕ್ಕೆ ತಲುಪಿತು. ಅವರ 15 ದಿನ ಏಪ್ರಿಲ್ 8ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹಣ ಬರಲಿಲ್ಲ. ಏಪ್ರಿಲ್ 9ಕ್ಕೆ ದೂರು ಕೊಡುವ ಹಕ್ಕು ಹುಟ್ಟುತ್ತದೆ. ಆ ದಿನವನ್ನೂ ಬಿಟ್ಟು ಒಂದು ತಿಂಗಳು ಎಣಿಸಿದರೆ ಕೊನೆಯ ದಿನ ಮೇ 9.

ಈ ಲೆಕ್ಕದಲ್ಲಿ ಎರಡು ತಪ್ಪು ಸಾಮಾನ್ಯ. ನೋಟಿಸಿಗೆ ಇರುವುದು 30 ದಿನ, ದೂರಿಗೆ ಇರುವುದು ಒಂದು ತಿಂಗಳು. ಎರಡನ್ನೂ '30 ದಿನ' ಎಂದು ಬರೆದುಬಿಡುತ್ತಾರೆ. ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು, ಯಾವ ತಿಂಗಳು ಎಂಬುದರ ಮೇಲೆ ಒಂದೆರಡು ದಿನ ಹೆಚ್ಚುಕಡಿಮೆ ಆಗುತ್ತದೆ. ಇನ್ನೊಂದು, ಆತುರ. ಎದುರಿನವರ 15 ದಿನ ಮುಗಿಯುವ ಮೊದಲೇ ಹಾಕಿದ ದೂರು ನಿಲ್ಲುವುದಿಲ್ಲ. ತಡವಾದ ದೂರನ್ನಾದರೂ, ಸರಿಯಾದ ಕಾರಣ ತೋರಿಸಿದರೆ ಕೋರ್ಟ್ ಮನ್ನಿಸಬಹುದು. 30 ದಿನ ಮೀರಿದ ನೋಟಿಸಿಗೆ ಅಂಥ ಮಾಫಿಯನ್ನು ಕಾಯ್ದೆ ಕೊಟ್ಟಿಲ್ಲ. ಅದಕ್ಕೇ ಮೊದಲ ಸಾಲಿನಲ್ಲಿ ಬೇರೆ ಯಾವುದನ್ನೂ ಇಡದೆ ನೋಟಿಸಿನ ಗಡುವನ್ನೇ ಇಟ್ಟಿದ್ದು. ಆದರೆ 'ಮೇ 9ರವರೆಗೆ ಟೈಮ್ ಇದೆ' ಎಂಬಂಥ ಮಾತನ್ನು ಯಾರ ಕಾಮೆಂಟಿಗೂ ಉತ್ತರವಾಗಿ ಬರೆಯಬೇಡಿ. ನೋಟಿಸ್ ಯಾವತ್ತು ತಲುಪಿತು ಎಂಬುದಕ್ಕೆ ಅಂಚೆಯ ದಾಖಲೆ ನೋಡಬೇಕು. ನೋಟಿಸ್ ಬೇಡವೆಂದು ವಾಪಸ್ ಕಳಿಸಿದ್ದರೆ, ಮನೆ ಬೀಗ ಹಾಕಿತ್ತು ಎಂದು ಷರಾ ಬಂದಿದ್ದರೆ ಲೆಕ್ಕವೇ ಬೇರೆ. ಕಾಗದ ನೋಡದೆ ದಿನಾಂಕ ಹೇಳುವುದು ವಕೀಲರ ಕೆಲಸವಲ್ಲ, ಅಲ್ವಾ?

ಡಿಸ್ಕ್ಲೇಮರ್ ಬಗ್ಗೆ ಒಂದು ವಿಷಯ ನೇರವಾಗಿ ಹೇಳುತ್ತೇನೆ. 'ಈ ವಿಡಿಯೋ ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ. ಯಾವುದೇ ನಷ್ಟಕ್ಕೆ ನಾವು ಜವಾಬ್ದಾರರಲ್ಲ' ಎಂದು ಎಲ್ಲರೂ ಎಲ್ಲರಿಂದ ಕಾಪಿ ಮಾಡಿ ಹಾಕುತ್ತಾರೆ. ಅಡುಗೆ ವಿಡಿಯೋಗೂ ಅದೇ, ಷೇರು ಮಾರುಕಟ್ಟೆ ವಿಡಿಯೋಗೂ ಅದೇ. ಅದರಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಮೇಲೆ 'ಗ್ಯಾರಂಟಿ' ಎಂದು ಬರೆದು ಕೆಳಗೆ ಹೀಗೆ ಬರೆದರೆ ಮೇಲಿನ ಮಾತು ಅಳಿಸಿಹೋಗುವುದೂ ಇಲ್ಲ. ಪರಿಷತ್ತಿಗೆ ಯಾರಾದರೂ ದೂರು ಕೊಟ್ಟರೆ, ವಕೀಲರ ಕಾಯ್ದೆಯ 35ನೇ ಸೆಕ್ಷನ್ ಕೆಳಗೆ ವೃತ್ತಿ ದುರ್ನಡತೆ ಆಗಿದೆಯೇ ಎಂದು ನೋಡುವಾಗ ಗ್ಯಾರಂಟಿ ಸಾಲು, ಥಂಬ್‌ನೇಲ್, ಟೈಟಲ್ ಎಲ್ಲವೂ ಮುಂದೆ ಬರುತ್ತವೆ. ತಪ್ಪು ಮಾಹಿತಿ ಕೊಟ್ಟಿದ್ದರೂ ಅಷ್ಟೇ. '30 ದಿನ' ಎನ್ನುವ ಕಡೆ '60 ದಿನ' ಎಂದು ಹೇಳಿ, ಕೆಳಗೆ ಜವಾಬ್ದಾರರಲ್ಲ ಎಂದರೆ ಅದನ್ನು ನಂಬಿ ಕೂತವರ ನಷ್ಟ ತುಂಬುತ್ತದೆಯೇ?

ಕೆಲಸಕ್ಕೆ ಬರುವ ಡಿಸ್ಕ್ಲೇಮರ್ ಆ ವಿಡಿಯೋಗೆ ಮಾತ್ರ ಹೊಂದುತ್ತದೆ. ಯಾವುದು ಮಾಹಿತಿ, ಯಾವುದು ಸಲಹೆ ಎಂದು ಅದು ಬೇರೆ ಮಾಡಿ ತೋರಿಸಬೇಕು. ಫಲಿತಾಂಶ ಯಾಕೆ ಹೇಳಲಾಗದು ಎಂದು ಕಾರಣ ಕೊಡಬೇಕು. ಕಕ್ಷಿದಾರರ ಸಂಬಂಧ ಹುಟ್ಟಿಲ್ಲ ಎಂದು ಹೇಳಬೇಕು. ಹಾಗಾದರೆ ಎಲ್ಲಿಗೆ ಹೋಗಬೇಕು ಎಂದೂ ಹೇಳಬೇಕು. ಕೊನೆಯದನ್ನು ಬಿಟ್ಟರೆ ಬಾಗಿಲು ಹಾಕಿಕೊಂಡ ಹಾಗೆ ಇರುತ್ತದೆ. ನಿಮ್ಮ ನಂಬರ್ ಹಾಕುವ ಬದಲು 15100 ಹಾಕಿ ಎನ್ನುವುದು ಅದಕ್ಕೇ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿರುವವರು ಇಂಥವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳುವ ಹಕ್ಕಿದೆ. ಉಳಿದವರಿಗೆ ಆದಾಯದ ಮಿತಿ ಇದೆ.

ನಿಮ್ಮ ಫೋನ್ ನಂಬರ್ ಹಾಕಬಹುದೇ ಎಂದು ಮುಂದೆ ಕೇಳುತ್ತೀರಿ ಅಂತ ಗೊತ್ತು. 2008ರ ಸಡಿಲಿಕೆ ಹೇಳುವುದು ವಕೀಲರ ವೆಬ್‌ಸೈಟಿನ ಬಗ್ಗೆ. ವಿಡಿಯೋ ಡಿಸ್ಕ್ರಿಪ್ಶನ್ ಬಗ್ಗೆ ಅದರಲ್ಲಿ ಮಾತಿಲ್ಲ. ಹೆಸರು, ವಕೀಲೆ ಎಂಬುದು, ಬೇಕಿದ್ದರೆ ಎನ್‌ರೋಲ್‌ಮೆಂಟ್ ಸಂಖ್ಯೆ, ಇಷ್ಟಕ್ಕೆ ನಿಲ್ಲಿಸಿ ಎನ್ನುವುದು ನನ್ನ ಅಭಿಪ್ರಾಯ. ನಂಬರ್ ಕೊಟ್ಟು ಪಕ್ಕದಲ್ಲಿ 'ಈಗಲೇ ಕರೆ ಮಾಡಿ' ಎಂದರೆ ಅರಿವಿನ ವಿಡಿಯೋ ಜಾಹೀರಾತಾಗಿ ಬಿಡುತ್ತದೆ. ಎಷ್ಟು ಕೇಸ್ ಗೆದ್ದಿದ್ದೀರಿ, ಕಕ್ಷಿದಾರರು ಏನಂದರು, ಫೀಸು ಎಷ್ಟು ಎಂಬುದೂ ಬೇಡ. ನೀವೇ ನಡೆಸಿದ ಕೇಸನ್ನು ಹೆಸರು ಬದಲಿಸಿ ಉದಾಹರಣೆ ಕೊಡುವುದೂ ಬೇಡ. ಊರಿನವರಿಗೆ ಯಾರದು ಎಂದು ತಕ್ಷಣ ಗೊತ್ತಾಗುತ್ತದೆ.

ಕಾಮೆಂಟಿನ ವಿಷಯದಲ್ಲಿ ನಾನು ಜಾಸ್ತಿ ಒತ್ತಿ ಹೇಳುತ್ತೇನೆ. ವಕೀಲರ ಹತ್ತಿರ ಕಕ್ಷಿದಾರರು ಹೇಳಿದ ಮಾತಿಗೆ ಕಾನೂನಿನಲ್ಲಿ ರಕ್ಷಣೆ ಇದೆ. ಆ ರಕ್ಷಣೆ ವೃತ್ತಿಯ ಸಂಬಂಧದಲ್ಲಿ, ಗುಟ್ಟಾಗಿ ಹೇಳಿದ್ದಕ್ಕೆ. ಎಲ್ಲರಿಗೂ ಕಾಣುವ ಕಾಮೆಂಟಿಗೆ ಅದು ಇಲ್ಲ. ಯಾರೋ ಒಬ್ಬರು 'ಮೇಡಂ, ನಾನು ಖಾಲಿ ಚೆಕ್ಕಿಗೆ ಆಮೇಲೆ ಮೊತ್ತ ತುಂಬಿಕೊಂಡೆ, ನಡೆಯುತ್ತಾ?' ಎಂದು ಬರೆದರು ಅನ್ನಿ. ಎದುರಿನವರ ವಕೀಲರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬಹುದು. ಅಂಥ ಕಾಮೆಂಟ್ ಕಂಡರೆ ಮರೆಮಾಡಿ. 'ವಿವರ ಇಲ್ಲಿ ಬೇಡ, ಕಾಗದ ತಗೊಂಡು ಹತ್ತಿರದ ವಕೀಲರನ್ನು ನೋಡಿ' ಎಂದಷ್ಟೇ ಉತ್ತರಿಸಿ. ಡಿಸ್ಕ್ರಿಪ್ಶನ್‌ನಲ್ಲಿ ಅಷ್ಟು ಜೋಪಾನ ಮಾಡಿ, ಕೆಳಗೆ 'ಹೆದರಬೇಡಿ, ನಿಮ್ಮದೇ ಗೆಲುವು' ಎಂದು ಉತ್ತರ ಬರೆದಿರುವವರನ್ನು ನೋಡಿದ್ದೇನೆ. ಅಷ್ಟೂ ಶ್ರಮ ನೀರುಪಾಲು.

ದಿನಾಂಕದ ಸಾಲು ಯಾಕೆ ಎಂದರೆ, ಈ ವಿಷಯದಲ್ಲೇ ಕಾನೂನು ತಲೆಕೆಳಗಾದ ಉದಾಹರಣೆ ಇದೆ. ದೂರು ಯಾವ ಊರಿನ ಕೋರ್ಟಿನಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ, ಚೆಕ್ ಕೊಟ್ಟವರ ಬ್ಯಾಂಕ್ ಇರುವ ಕಡೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. 2015ರ ತಿದ್ದುಪಡಿ ಅದನ್ನು ಬದಲಿಸಿತು. ಈಗ ಚೆಕ್ಕನ್ನು ಖಾತೆಗೆ ಜಮೆಗೆ ಹಾಕಿದ್ದರೆ, ಚೆಕ್ ಪಡೆದವರ ಖಾತೆ ಇರುವ ಶಾಖೆಯ ಕಡೆಯ ಕೋರ್ಟು. 2014ರ ಕೊನೆಯಲ್ಲಿ ಮಾಡಿದ ಸರಿಯಾದ ವಿಡಿಯೋ ಮರುವರ್ಷವೇ ತಪ್ಪಾಯಿತು. ಅದನ್ನು ಇವತ್ತು ನೋಡಿದವರು ದೂರದ ಊರಿಗೆ ಹೋಗಿ ದೂರು ಹಾಕಿ, ಒಂದು ತಿಂಗಳ ಗಡುವನ್ನು ಅಲೆದಾಟದಲ್ಲೇ ಕಳೆಯಬಹುದು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ, ಹಳೆಯ ಸಿಆರ್‌ಪಿಸಿ ಸೆಕ್ಷನ್ ಹೇಳಿದ ವಿಡಿಯೋಗಳೂ ತಿದ್ದುಪಡಿ ಬೇಡುತ್ತಿವೆ.

ವಿಡಿಯೋ ಒಳಗಿನ ಮಾತು ಬದಲಿಸಲು ಆಗದಿದ್ದರೂ ಡಿಸ್ಕ್ರಿಪ್ಶನ್ ಯಾವಾಗ ಬೇಕಾದರೂ ತಿದ್ದಬಹುದು. ಕಾನೂನು ಬದಲಾದರೆ ಮೊದಲ ಸಾಲಿನಲ್ಲೇ 'ಇಂಥ ನಿಮಿಷದಲ್ಲಿ ಹೇಳಿದ ಮಾತು ಈಗ ಅನ್ವಯಿಸುವುದಿಲ್ಲ, ಈಗಿನ ನಿಯಮ ಹೀಗಿದೆ' ಎಂದು ಸೇರಿಸಿ. ಬದಲಾವಣೆ ಗಡುವಿಗೆ ಸಂಬಂಧಿಸಿದ್ದಾದರೆ ಮಾತ್ರ ಇಷ್ಟರಿಂದ ತೃಪ್ತಿಪಡಬೇಡಿ. ಡಿಸ್ಕ್ರಿಪ್ಶನ್ ತೆರೆಯದೆ ವಿಡಿಯೋ ಮಾತ್ರ ನೋಡುವವರೇ ಹೆಚ್ಚು. ಆ ವಿಡಿಯೋ ತೆಗೆದು ಹೊಸದು ಹಾಕಿ.